‘ಮುಳುಗುವುದಿಲ್ಲ’ ಎಂದು ಈಜುಕೊಳದ ಬೋರ್ಡ್ ಹೇಳಿದರೆ ನಂಬಬಹುದೇ? ಎರಡು ಭಾಷೆಯ ಫಲಕಗಳಲ್ಲಿ ತಪ್ಪು ಎಲ್ಲಿ ನುಸುಳುತ್ತದೆ

ಕೆಲವು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಕ್ಲಬ್‌ಹೌಸಿನ ಈಜುಕೊಳದ ಪಕ್ಕ ಹೊಸದಾಗಿ ಹಾಕಿದ ಬೋರ್ಡ್ ಅದು. ಎಡಗಡೆ ಇಂಗ್ಲಿಷಿನಲ್ಲಿ ‘ನೋ ಡೈವಿಂಗ್’ ಎಂದಿತ್ತು. ಬಲಗಡೆ ಕನ್ನಡದಲ್ಲಿ ‘ಮುಳುಗುವುದಿಲ್ಲ’ ಎಂದಿತ್ತು. ಫೋಟೊದ ಕೆಳಗೆ ಒಂದು ಸಾಲು ನಗುವ ಮುಖಗಳು, “ಗ್ಯಾರಂಟಿ ಕೊಟ್ಟಿದ್ದಾರೆ, ಎಲ್ಲರೂ ಇಳೀರಿ” ಎಂಬ ತಮಾಷೆ. ಸಂಜೆಯೊಳಗೆ ಅದೇ ಫೋಟೊ ಬೇರೆ ಮೂರು ಗ್ರೂಪುಗಳಿಂದ ನನಗೆ ವಾಪಸ್ ಬಂದಿತ್ತು.

ನಾನೂ ನಕ್ಕೆ. ಆದರೆ ಅದರ ಮುಂದಿನ ಭಾನುವಾರ ನಡೆದದ್ದು ನಗುವ ವಿಷಯ ಆಗಿರಲಿಲ್ಲ. ಊರಿನಿಂದ ಮೊಮ್ಮಗನ ಮನೆಗೆ ಬಂದಿದ್ದ ಅಜ್ಜರೊಬ್ಬರು ಕೊಳದ ಅಂಚಿಗೆ ಬಂದು, ಪಂಚೆ ಎತ್ತಿ ಕಟ್ಟಿ, ಕೈ ಮುಂದೆ ಚಾಚಿ ತಲೆಯ ಕಡೆಯಿಂದ ಹಾರಲು ಸಿದ್ಧರಾದರು. ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ಈಜು ಕಲಿತವರು, ಕಟ್ಟೆಯ ಮೇಲಿಂದ ನೆಗೆದು ಅಭ್ಯಾಸ ಇದ್ದವರು. ಅವರು ನಿಂತಿದ್ದ ಕಡೆ ನೀರು ಇದ್ದದ್ದು ಮೂರೂವರೆ ಅಡಿ. ಪಕ್ಕದಲ್ಲಿದ್ದ ಹುಡುಗನೊಬ್ಬ “ತಾತಾ, ಬೇಡ!” ಎಂದು ಕೂಗಿ ತೋಳು ಹಿಡಿದದ್ದರಿಂದ ಉಳಿದರು. ಬೋರ್ಡ್ ಓದಲಿಲ್ಲವೇ ಎಂದು ಕೇಳಿದರೆ, “ಓದಿದೆನಲ್ಲ, ಮುಳುಗೋದಿಲ್ಲ ಅಂತ ಬರೆದಿದ್ದಾರೆ. ನಂಗೆ ಈಜು ಬರುತ್ತೆ” ಎಂದರು.

ಅವರದ್ದು ತಪ್ಪಲ್ಲ. ಆ ಬೋರ್ಡು ಅವರಿಗೆ ಹೇಳಬೇಕಾದ್ದನ್ನು ಹೇಳಿರಲೇ ಇಲ್ಲ. ಈಜುಕೊಳ, ಜಿಮ್, ಸ್ಪಾಗಳ ಫಲಕದಲ್ಲಿ ಇಂಗ್ಲಿಷ್ ಸಾಲು ಕನ್ನಡಕ್ಕೆ ಬರುವಾಗ ಏನೇನು ಕಳೆದುಹೋಗುತ್ತದೆ, ನೀವು ನೋಡುವ ಬೋರ್ಡು ಸರಿಯೋ ಇಲ್ಲವೋ ಎಂದು ಹೇಗೆ ಪತ್ತೆ ಹಚ್ಚಬಹುದು ಎಂಬುದನ್ನು ಇದೇ ಬೋರ್ಡನ್ನು ಇಟ್ಟುಕೊಂಡು ನೋಡೋಣ.

‘ಡೈವಿಂಗ್’ ಎಂದರೆ ಮುಳುಗುವುದಲ್ಲ

ಇಂಗ್ಲಿಷಿನ ‘ಡೈವ್’ ಎಂಬ ಪದಕ್ಕೆ ಎರಡು ಅರ್ಥ ಇದೆ. ನೀರಿನೊಳಗೆ ಆಳಕ್ಕೆ ಹೋಗುವುದು ಒಂದು. ತಲೆ ಮುಂದಾಗಿ ನೀರಿಗೆ ಹಾರುವುದು ಇನ್ನೊಂದು. ಈಜುಕೊಳದ ಫಲಕದಲ್ಲಿ ಇರುವುದು ಎರಡನೆಯದು. ಫೋನಿನಲ್ಲಿ ಒಂದೊಂದೇ ಪದ ಹಾಕಿ ಅನುವಾದ ಮಾಡಿದಾಗ ಮೊದಲನೆಯ ಅರ್ಥ ಬಂದುಬಿಡಬಹುದು. ‘ನೋ’ ಎಂಬುದಕ್ಕೂ ಹೀಗೇ. ಇಂಗ್ಲಿಷ್ ಬೋರ್ಡಿನಲ್ಲಿ ‘ನೋ’ ಎಂದರೆ ‘ಮಾಡಬೇಡಿ’. ಪದಕೋಶದಲ್ಲಿ ‘ನೋ’ ಎಂದರೆ ‘ಇಲ್ಲ’. ಎರಡೂ ಸೇರಿ ‘ಮುಳುಗುವುದಿಲ್ಲ’ ಆಯಿತು. ಎಚ್ಚರಿಕೆಯೇ ಭರವಸೆಯಾಗಿ ತಿರುಗಿತು.

ಇನ್ನು ಕೆಲವು ಕಡೆ ‘ಡೈವಿಂಗ್ ನಿಷೇಧಿಸಲಾಗಿದೆ’ ಎಂದು ಬರೆಯುತ್ತಾರೆ. ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ‘ಡೈವಿಂಗ್’ ಎಂದರೇನೆಂದು ಗೊತ್ತಿರುವವರು ಇಂಗ್ಲಿಷ್ ಸಾಲನ್ನೇ ಓದಿಕೊಳ್ಳುತ್ತಾರೆ. ಕನ್ನಡ ಸಾಲು ಬೇಕಾಗಿರುವುದು ಆ ಅಜ್ಜನಂಥವರಿಗೆ, ಮನೆಕೆಲಸಕ್ಕೆ ಬರುವವರ ಮಕ್ಕಳಿಗೆ, ಡ್ರೈವರುಗಳಿಗೆ, ಕೊಳ ತೊಳೆಯುವ ಸಿಬ್ಬಂದಿಗೆ. ಅವರಿಗೆ ಅರ್ಥವಾಗುವ ಸಾಲು ಇದು: ‘ತಲೆ ಮುಂದಾಗಿ ನೀರಿಗೆ ಹಾರಬೇಡಿ. ಇಲ್ಲಿ ನೀರು ಮೂರೂವರೆ ಅಡಿ ಮಾತ್ರ.’

ಕಾರಣವನ್ನೂ ಜೊತೆಗೇ ಹೇಳುವುದು ಇಲ್ಲಿ ಮುಖ್ಯ. ಬಾವಿಯಲ್ಲಿ ಈಜಿದವರಿಗೆ ನೀರೆಂದರೆ ಆಳ ಎಂಬ ಲೆಕ್ಕ. ಅವರ ಭಯ ಮುಳುಗುವುದರ ಬಗ್ಗೆ, ತಳಕ್ಕೆ ಬಡಿಯುವುದರ ಬಗ್ಗೆ ಅಲ್ಲ. ಕಡಿಮೆ ನೀರಿಗೆ ತಲೆ ಮುಂದಾಗಿ ಹಾರಿದರೆ ತಲೆ ನೆಲಕ್ಕೆ ತಾಗುತ್ತದೆ, ಹಿಂದಿನಿಂದ ಬರುವ ಇಡೀ ದೇಹದ ಭಾರ ಕತ್ತಿನ ಮೂಳೆಗಳ ಮೇಲೆ ಬೀಳುತ್ತದೆ. ಕತ್ತಿನೊಳಗೆ ಹಾದುಹೋಗುವ ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲುಗಳ ಚಲನೆಯೇ ಶಾಶ್ವತವಾಗಿ ಹೋಗಬಹುದು. ಕೊಳದ ಅಂಚಿನಿಂದ ತಲೆ ಮುಂದಾಗಿ ಹಾರಲು ಕನಿಷ್ಠ 9 ಅಡಿ ನೀರು ಇರಬೇಕು ಎನ್ನುವುದು ಅಮೆರಿಕನ್ ರೆಡ್ ಕ್ರಾಸ್‌ನ ಸಲಹೆ. ನಮ್ಮ ಅಪಾರ್ಟ್‌ಮೆಂಟ್ ಕೊಳದ ಅತಿ ಆಳದ ಜಾಗವೂ 5 ಅಡಿ ದಾಟುವುದಿಲ್ಲ.

ಆಳವನ್ನು ಹೇಗೆ ಬರೆಯಬೇಕು?

‘ಡೀಪ್ ಎಂಡ್’ ಎಂಬುದಕ್ಕೆ ನಮ್ಮ ಬೋರ್ಡಿನಲ್ಲಿ ‘ಆಳವಾದ ಅಂತ್ಯ’ ಎಂದಿತ್ತು. ಯಾರದೋ ಸಾವಿನ ಸುದ್ದಿ ಓದಿದ ಹಾಗಿದೆ! ‘ಆಳ ಇರುವ ಕಡೆ’ ಎಂದರೆ ಸಾಕು. ಆದರೆ ಪದ ಸರಿಯಾದರೂ ಕೆಲಸ ಮುಗಿಯುವುದಿಲ್ಲ, ಯಾಕೆಂದರೆ ಕಣ್ಣೇ ಇಲ್ಲಿ ಮೋಸ ಮಾಡುತ್ತದೆ.

ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಹಾಗಾಗಿ ಮೇಲಿನಿಂದ ನೇರವಾಗಿ ನೋಡಿದರೂ ಕೊಳದ ತಳ ಇರುವುದಕ್ಕಿಂತ ಮೇಲೆ ಇರುವಂತೆ ಕಾಣುತ್ತದೆ. ನಿಜವಾದ ಆಳದ ಸುಮಾರು ಮುಕ್ಕಾಲು ಭಾಗ ಮಾತ್ರ ಕಣ್ಣಿಗೆ ಕಾಣುವುದು. 5 ಅಡಿ ನೀರು 4 ಅಡಿಗಿಂತ ಕಡಿಮೆ ಇದ್ದಂತೆ ತೋರುತ್ತದೆ. ಓರೆಯಾಗಿ, ದೂರದಿಂದ ನೋಡಿದರೆ ಇನ್ನೂ ಕಡಿಮೆ. ಈಜು ಬಾರದವರು ‘ನಿಂತುಕೊಳ್ಳಬಹುದು’ ಎಂದುಕೊಂಡು ಇಳಿಯುವುದು ಹೀಗೆ.

ಅದಕ್ಕೇ ಸಂಖ್ಯೆ ಬೇಕು, ಸಂಖ್ಯೆಯ ಜೊತೆ ದೇಹದ ಅಳತೆಯೂ ಬೇಕು. ಇದಕ್ಕೆ ಕನ್ನಡದಲ್ಲಿ ತುಂಬ ಒಳ್ಳೆಯ ಪದಗಳಿವೆ: ಮೊಣಕಾಲುಮಟ್ಟ, ಸೊಂಟದಮಟ್ಟ, ಎದೆಮಟ್ಟ, ಕತ್ತಿನಮಟ್ಟ, ಆಳುದ್ದ. ಹೊಳೆ ದಾಟುವವರು ಇವತ್ತಿಗೂ ಹೀಗೇ ಹೇಳುವುದು. ‘ಆಳ 1.5 ಮೀಟರ್’ ಎಂದು ಓದಿದ ಹತ್ತು ವರ್ಷದ ಹುಡುಗನಿಗೆ ಏನೂ ತೋಚುವುದಿಲ್ಲ. ‘5 ಅಡಿ: ದೊಡ್ಡವರಿಗೆ ಕತ್ತಿನಮಟ್ಟ, ಮಕ್ಕಳಿಗೆ ಆಳುದ್ದ’ ಎಂದರೆ ಅವನಿಗೆ ತಾನು ಮುಳುಗುತ್ತೇನೆ ಎಂಬುದು ಗೊತ್ತಾಗುತ್ತದೆ. ಈ ಬರಹ ಗೇಟಿನ ಹತ್ತಿರ ಒಂದೇ ಕಡೆ ಇದ್ದರೆ ಸಾಲದು. ಆಳ ಬದಲಾಗುವ ಪ್ರತಿ ಜಾಗದಲ್ಲೂ ಕೊಳದ ಅಂಚಿನ ಮೇಲೆ ಇರಬೇಕು.

ಕಾಯುವವರು ಯಾರು?

ನಮ್ಮ ಬೋರ್ಡಿನ ಮೂರನೆಯ ಸಾಲು ‘ನೋ ಲೈಫ್‌ಗಾರ್ಡ್ ಆನ್ ಡ್ಯೂಟಿ’. ಕನ್ನಡದಲ್ಲಿ ‘ಕರ್ತವ್ಯದಲ್ಲಿ ಜೀವರಕ್ಷಕ ಇಲ್ಲ’ ಎಂದಿತ್ತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನನ್ನು ಇದರ ಅರ್ಥ ಕೇಳಿದೆ. “ಸೆಕ್ಯುರಿಟಿಯವರು ರಜೆ ಅಂತಲಾ?” ಎಂದರು. ಗೇಟಿನಲ್ಲಿ ಯೂನಿಫಾರ್ಮ್ ಹಾಕಿದ ಗಾರ್ಡ್ ಕೂತಿದ್ದರೆ ಮಕ್ಕಳನ್ನು ಅವರ ಭರವಸೆಯ ಮೇಲೆ ಬಿಟ್ಟು ಹೋಗುವವರು ಇದ್ದಾರೆ. ಆ ಗಾರ್ಡಿಗೆ ಈಜು ಬರುತ್ತದೆ ಎಂದೇನೂ ಇಲ್ಲ.

ಹೇಳಬೇಕಾದ್ದು ನೇರವಾಗಿ ಹೀಗೆ: ‘ನೀರಿನಲ್ಲಿ ಮುಳುಗುವವರನ್ನು ಎತ್ತಲು ಇಲ್ಲಿ ಯಾರೂ ಇಲ್ಲ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.’

ಅದರ ಕೆಳಗಿನ ಸಾಲು ‘ಮಕ್ಕಳು ವಯಸ್ಕರೊಂದಿಗೆ ಇರತಕ್ಕದ್ದು’. ‘ವಯಸ್ಕರು’ ಎಂಬ ಪದ ನಾವು ನೋಡುವುದು ಸಿನಿಮಾ ಪ್ರಮಾಣಪತ್ರದಲ್ಲಿ. ‘ದೊಡ್ಡವರು’ ಎಂದರೆ ಎಲ್ಲರಿಗೂ ಗೊತ್ತು. ಆದರೆ ದೊಡ್ಡವರು ಎಲ್ಲಿರಬೇಕು? ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರೂ ‘ಜೊತೆಯಲ್ಲಿ’ ಇದ್ದ ಹಾಗೇ ಆಯಿತಲ್ಲ! ಮುಳುಗುವವರು ಕೈ ಬೀಸಿ ‘ಕಾಪಾಡಿ’ ಎಂದು ಕೂಗುತ್ತಾರೆ ಎಂಬುದು ಸಿನಿಮಾದಿಂದ ಬಂದ ತಪ್ಪು ಕಲ್ಪನೆ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಮುಳುಗುತ್ತಾ ಇರುವಾಗ ಉಸಿರು ಎಳೆದುಕೊಳ್ಳಲೇ ಸಮಯ ಸಾಲದು, ಕೂಗಲು ಎಲ್ಲಿಯದು? ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಚಿಕ್ಕ ಮಗು ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗೆ ಹೋಗಬಹುದು. ಹಾಗಾಗಿ ಸಾಲು ಹೀಗಿರಬೇಕು: ‘ಚಿಕ್ಕ ಮಕ್ಕಳ ಜೊತೆ ಈಜು ಬರುವ ದೊಡ್ಡವರೊಬ್ಬರು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು. ಆಗ ಮೊಬೈಲ್ ನೋಡಬೇಡಿ.’

ಸಮಯದ ಸಾಲಿನಲ್ಲೂ ಅಪಾಯ ಇದೆಯೇ?

ಇದೆ. ಮೊದಲನೆಯದು, ಗಂಟೆ. ಅನುವಾದದ ಆ್ಯಪಿನಿಂದ ಬಂದ ಸಾಲುಗಳಲ್ಲಿ ‘ಪೂರ್ವಾಹ್ನ 6:00, ಅಪರಾಹ್ನ 8:00’ ಎಂದು ಇರುವುದನ್ನು ನೋಡಿರಬಹುದು. ರಾತ್ರಿ ಎಂಟನ್ನು ನಾವ್ಯಾರೂ ಅಪರಾಹ್ನ ಎನ್ನುವುದಿಲ್ಲ. ‘ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ ರಾತ್ರಿ 8’ ಎಂದರೆ ಗೊಂದಲವೇ ಇರುವುದಿಲ್ಲ. ಸಂಖ್ಯೆ ಯಾವ ಲಿಪಿಯಲ್ಲಿ ಇರಬೇಕು ಎಂಬ ಚರ್ಚೆಯೂ ಬರುತ್ತದೆ. ಕನ್ನಡ ಅಂಕಿ ಚಂದವೇ, ಆದರೆ ೧ ಮತ್ತು ೦, ೬ ಮತ್ತು ೯ ದೂರದಿಂದ ಒಂದೇ ರೀತಿ ಕಾಣುತ್ತವೆ. ಸುರಕ್ಷತೆಯ ಬೋರ್ಡಿನಲ್ಲಿ ಬಸ್ಸಿನ ನಂಬರಿನಲ್ಲಿ ನೋಡಿ ಅಭ್ಯಾಸವಾದ ಅಂಕಿಯೇ ಒಳ್ಳೆಯದು.

ಎರಡನೆಯದು ಇನ್ನೂ ಮುಖ್ಯ. ‘ಸೋಮವಾರ ರಜೆ’ ಎಂದು ಬರೆದರೆ ಜನ ಓದುವುದು ‘ಸಿಬ್ಬಂದಿ ಇರುವುದಿಲ್ಲ’ ಎಂದು. ಗೇಟು ತೆರೆದಿದ್ದರೆ ಯಾರೂ ಕೇಳುವವರಿಲ್ಲ ಎಂದು ಹುಡುಗರು ಇಳಿದುಬಿಡುತ್ತಾರೆ. ಆದರೆ ಆ ದಿನ ನಮ್ಮ ಕೊಳಕ್ಕೆ ಹೆಚ್ಚಿನ ಪ್ರಮಾಣದ ಕ್ಲೋರಿನ್ ಹಾಕುತ್ತಾರೆ. ಆಗ ನೀರಿಗೆ ಇಳಿದರೆ ಕಣ್ಣು, ಚರ್ಮ ಉರಿಯುತ್ತದೆ, ಉಸಿರಾಟಕ್ಕೂ ತೊಂದರೆ. ‘ಸೋಮವಾರ ನೀರಿಗೆ ಔಷಧ ಹಾಕುತ್ತೇವೆ. ಇಳಿಯಬೇಡಿ’ ಎಂದರೆ ಗೇಟು ತೆರೆದಿದ್ದರೂ ಯಾರೂ ಇಳಿಯುವುದಿಲ್ಲ.

ಇಲ್ಲಿ ‘ಇಳಿಯಬಾರದು’ ಎಂದೂ ಬರೆಯಬಹುದಿತ್ತು. ನಾನು ಬೇಕೆಂದೇ ‘ಇಳಿಯಬೇಡಿ’ ಎಂದಿದ್ದೇನೆ. ‘ಇಳಿಯಬಾರದು’ ಮತ್ತು ‘ಇಳಿಯಬಹುದು’ ಎರಡನ್ನೂ ಹತ್ತು ಅಡಿ ದೂರದಿಂದ, ನೀರು ಹಾರಿ ಮಸುಕಾದ ಬೋರ್ಡಿನಲ್ಲಿ ನೋಡಿ. ಶುರು ಒಂದೇ, ಕೊನೆ ಒಂದೇ, ನಡುವೆ ಒಂದೆರಡು ಅಕ್ಷರ ಮಾತ್ರ ಬೇರೆ. ಅರ್ಥ ಪೂರ್ತಿ ಉಲ್ಟಾ. ಇಂಗ್ಲಿಷಿನಲ್ಲಿ ‘ನೋ’ ಸಾಲಿನ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ಬೇಡ ಎನ್ನುವುದು ಕೊನೆಗೆ ಬರುತ್ತದೆ. ಹಾಗಾಗಿ ಕನ್ನಡದ ಸಾಲು ಚಿಕ್ಕದಿರಬೇಕು, ಆ ಕೊನೆಯ ಪದ ಸಾಲು ಮುರಿದು ಕೆಳಗೆ ಹೋಗಬಾರದು, ಪಕ್ಕದಲ್ಲಿ ಚಿತ್ರವೂ ಇರಬೇಕು. ಅಂತರರಾಷ್ಟ್ರೀಯ ಮಾನದಂಡದಂತೆ ಅಡ್ಡಗೆರೆ ಇರುವ ಕೆಂಪು ವೃತ್ತ ಎಂದರೆ ಮಾಡಬೇಡಿ, ನೀಲಿ ವೃತ್ತ ಎಂದರೆ ಮಾಡಲೇಬೇಕು, ಹಳದಿ ತ್ರಿಕೋನ ಎಂದರೆ ಎಚ್ಚರಿಕೆ. ಓದಲು ಬಾರದವರಿಗೂ ಇದು ತಲುಪುತ್ತದೆ.

‘ಮೂತ್ರ ಮಾಡಿದರೆ ನೀರಿನ ಬಣ್ಣ ಬದಲಾಗುತ್ತದೆ’: ಈ ಬೋರ್ಡು ನಿಜವೇ?

ನಿಜವಲ್ಲ. ಕೊಳದಲ್ಲಿ ಮೂತ್ರಕ್ಕೆ ಮಾತ್ರ ಬಣ್ಣ ಬದಲಿಸುವ ರಾಸಾಯನಿಕ ಬಳಕೆಯಲ್ಲಿ ಇಲ್ಲ. ಮೂತ್ರದಲ್ಲಿರುವ ಯೂರಿಯಾ ಬೆವರಿನಲ್ಲೂ ಇದೆ. ಹಾಗೆ ಬಣ್ಣ ಬರುವುದಾದರೆ ಈಜುವ ಪ್ರತಿಯೊಬ್ಬರ ಸುತ್ತಲೂ ಬರಬೇಕಿತ್ತು. ಮಕ್ಕಳನ್ನು ಹೆದರಿಸಲು ಹೇಳುವ ಈ ಮಾತು ಫಾರ್ವರ್ಡ್ ಆಗಿ ಆಗಿ ಬೋರ್ಡಿನ ಮೇಲೂ ಬಂದು ಕೂತಿದೆ.

ಸುಳ್ಳು ಬೋರ್ಡಿನ ತೊಂದರೆ ಏನೆಂದರೆ, ಒಬ್ಬ ಹುಡುಗ ಪರೀಕ್ಷೆ ಮಾಡಿ ನೋಡಿ ಏನೂ ಆಗಲಿಲ್ಲ ಎಂದು ತಿಳಿದ ದಿನ, ಅದೇ ಬೋರ್ಡಿನ ‘ಹಾರಬೇಡಿ’ ಎಂಬ ಸಾಲೂ ಅವನಿಗೆ ಸುಳ್ಳಾಗಿ ಕಾಣುತ್ತದೆ. ನಿಜ ಹೇಳಿದರೂ ಸಾಕಷ್ಟು ಪರಿಣಾಮ ಇದೆ. ಕೊಳದಿಂದ ಬರುವ ಘಾಟು ವಾಸನೆ ಸ್ವಚ್ಛತೆಯ ಗುರುತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಕೆಂಪಾಗುವುದೂ, ಕೆಮ್ಮು ಬರುವುದೂ ಹೆಚ್ಚಾಗಿ ಅದರಿಂದಲೇ. ‘ಕಣ್ಣು ಉರಿಯದಿರಲು: ಮೊದಲು ಶೌಚಾಲಯಕ್ಕೆ ಹೋಗಿ, ಸ್ನಾನ ಮಾಡಿ, ಆಮೇಲೆ ಇಳಿಯಿರಿ’ ಎಂದರೆ ಸಾಕು.

ಸ್ಪಾ ಮತ್ತು ಜಿಮ್: ‘ವೈದ್ಯರನ್ನು ಸಂಪರ್ಕಿಸಿ’ ಸಾಕಾಗುವುದಿಲ್ಲ

ಬಿಸಿನೀರಿನ ತೊಟ್ಟಿಯ ಪಕ್ಕ ‘ಆರೋಗ್ಯ ಸಮಸ್ಯೆ ಇರುವವರು ವೈದ್ಯರನ್ನು ಸಂಪರ್ಕಿಸಿ’ ಎಂದಿರುತ್ತದೆ. ಓದಿದವರು ‘ಆಮೇಲೆ ಕೇಳಿದರಾಯಿತು’ ಎಂದು ಇಳಿಯುತ್ತಾರೆ. ಯಾರು ಎಂಬುದು ಮೊದಲು ಬರಬೇಕು: ‘ಗರ್ಭಿಣಿಯರು, ಹೃದಯದ ಕಾಯಿಲೆ, ಬಿಪಿ ಇರುವವರು: ಡಾಕ್ಟರ್ ಒಪ್ಪದೆ ಇಳಿಯಬೇಡಿ. ಕುಡಿದವರು, 5 ವರ್ಷದೊಳಗಿನ ಮಕ್ಕಳು ಇಳಿಯಲೇಬೇಡಿ.’ ಬಿಸಿಗೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ಎದ್ದು ನಿಂತಾಗ ತಲೆಸುತ್ತು ಬಂದು ನೀರಿನಲ್ಲೇ ಬೀಳಬಹುದು. ನೀರಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂಬ ಮಿತಿ ಇರುವುದೂ ಇದಕ್ಕೇ. ಬೋರ್ಡಿನಲ್ಲಿ ‘ತಲೆ ಸುತ್ತಿದರೆ ತಕ್ಷಣ ಮೇಲೆ ಬನ್ನಿ’ ಎಂಬ ಸಾಲು ಇರಲಿ.

ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ‘ಸುರಕ್ಷತಾ ಕೀಲಿಯನ್ನು ಬಳಸಿ’ ಎಂದಿತ್ತು. ಯಾವ ಕೀಲಿ, ಎಲ್ಲಿಗೆ? ‘ಕೆಂಪು ದಾರದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿ. ನೀವು ಜಾರಿದರೆ ಮೆಷಿನ್ ತಾನೇ ನಿಲ್ಲುತ್ತದೆ’ ಎಂದು ಬದಲಿಸಿದ ಮೇಲೆ ನಮ್ಮ ಜಿಮ್ಮಿನಲ್ಲಿ ಆ ದಾರ ಮುಟ್ಟುವವರು ಕಾಣತೊಡಗಿದರು.

‘ಆಡಳಿತ ಮಂಡಳಿ ಜವಾಬ್ದಾರಿಯಲ್ಲ’ ಎಂದು ಬರೆದರೆ ಮುಗಿಯಿತೇ?

ನಮ್ಮ ಬೋರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ ಇದ್ದದ್ದು ಈ ಸಾಲಿಗೆ. ಇದು ಇದ್ದರೆ ಯಾವ ಹೊಣೆಯೂ ಇಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅಷ್ಟು ಸುಲಭವಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ, ಕಾರ್ ಪಾರ್ಕಿಂಗ್ ಚೀಟಿಯ ಮೇಲೆ ‘ಮಾಲೀಕರದ್ದೇ ಹೊಣೆ’ ಎಂದು ಅಚ್ಚು ಹಾಕಿದ್ದರೂ ತನ್ನ ನಿರ್ಲಕ್ಷ್ಯಕ್ಕೆ ಹೋಟೆಲ್ ಜವಾಬ್ದಾರಿ ತಪ್ಪಿಸಿಕೊಳ್ಳಲಾಗದು ಎಂದು ಹೇಳಿತು. ಆ ತೀರ್ಪು ಕಾರಿಗೆ ಸಂಬಂಧಿಸಿದ್ದು. ಈಜುಕೊಳದ ಪ್ರತಿ ಪ್ರಕರಣ ಅದರದ್ದೇ ಸಂಗತಿಗಳ ಮೇಲೆ ತೀರ್ಮಾನವಾಗುತ್ತದೆ. ಆದರೂ ಒಂದು ಸಾಲು ಬರೆದರೆ ನಿರ್ಲಕ್ಷ್ಯ ಅಳಿಸಿಹೋಗುತ್ತದೆ ಎಂದು ನಂಬಿಕೊಂಡು ಕೂರುವ ಹಾಗಿಲ್ಲ. ಆ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕಾದ್ದು 112 ಮತ್ತು ಆಂಬುಲೆನ್ಸಿನ 108, ಅದರ ಕೆಳಗೆ ಆ ಜಾಗದ ಪೂರ್ತಿ ವಿಳಾಸ. ಗಾಬರಿಯಲ್ಲಿ ಫೋನ್ ಮಾಡುವ ಅತಿಥಿಗೆ ತಾನು ಯಾವ ಬ್ಲಾಕಿನಲ್ಲಿದ್ದೇನೆ ಎಂದೇ ಗೊತ್ತಿರುವುದಿಲ್ಲ.

ಅಚ್ಚಾಗುವ ಮುಂಚೆ ಒಂದು ಪರೀಕ್ಷೆ

2008ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಸ್ವಾನ್‌ಸಿ ನಗರದಲ್ಲಿ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಇಂಗ್ಲಿಷ್ ಸಾಲಿನ ಕೆಳಗೆ ವೆಲ್ಷ್ ಭಾಷೆಯಲ್ಲಿ ‘ನಾನು ಸದ್ಯ ಆಫೀಸಿನಲ್ಲಿಲ್ಲ, ಅನುವಾದದ ಕೆಲಸ ಕಳಿಸಿ’ ಎಂದು ಅಚ್ಚಾಗಿತ್ತು. ಅನುವಾದಕರ ಇಮೇಲಿನಿಂದ ತಾನಾಗಿ ಬಂದ ಉತ್ತರವನ್ನೇ ಅನುವಾದ ಎಂದುಕೊಂಡು ಬೋರ್ಡು ಮಾಡಿಸಿದ್ದರು. ನಮ್ಮಲ್ಲೂ 2024ರಲ್ಲಿ ಕೊಡಗಿನ ರಸ್ತೆಬದಿಯ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬೋರ್ಡಿನ ಇಂಗ್ಲಿಷ್ ಸಾಲು ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಎಂದಾಗಿ ಎಲ್ಲರ ಫೋನಿಗೂ ಬಂತು. ಎರಡು ಕಡೆಯೂ ಆದದ್ದು ಒಂದೇ: ಆ ಭಾಷೆ ಬಲ್ಲವರೊಬ್ಬರು ಅಚ್ಚಾಗುವ ಮುಂಚೆ ಅದನ್ನು ಓದಿರಲಿಲ್ಲ.

ಪರೀಕ್ಷೆ ಸುಲಭ. ಕನ್ನಡ ಸಾಲನ್ನು ಮಾತ್ರ ತೋರಿಸಿ, ಇಂಗ್ಲಿಷ್ ಬಾರದ ಇಬ್ಬರು ಮೂವರಿಗೆ “ಇದು ಏನು ಮಾಡಲು ಹೇಳುತ್ತಿದೆ?” ಎಂದು ಕೇಳಿ. “ಅರ್ಥ ಆಯ್ತಾ?” ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಅವರ ಮಾತು ಇಂಗ್ಲಿಷ್ ಸಾಲಿನ ಉದ್ದೇಶಕ್ಕೆ ಹೊಂದದಿದ್ದರೆ ಬದಲಿಸಿ. ಆಮೇಲೆ ಅಂಗಡಿಯಿಂದ ಅಚ್ಚಿನ ಮಾದರಿ ತರಿಸಿ ನೋಡಿ. ಯೂನಿಕೋಡ್ ಸರಿಯಾಗಿ ಬಾರದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಕಳಚಿಕೊಂಡು ‘ಮಕ್ಕಳು’ ಎಂಬುದು ‘ಮಕ್‌ಕಳು’, ‘ಎಚ್ಚರಿಕೆ’ ಎಂಬುದು ‘ಎಚ್‌ಚರಿಕೆ’ ಆಗಿಬಿಡುತ್ತದೆ. ಸಮಯ ಬದಲಾದಾಗ ಇಂಗ್ಲಿಷ್ ಕಡೆ ಮಾತ್ರ ಸ್ಟಿಕ್ಕರ್ ಅಂಟಿಸಿ ಕನ್ನಡವನ್ನು ಹಾಗೇ ಬಿಡುವುದೂ ಸಾಮಾನ್ಯ. ಎರಡೂ ಕಡೆಯ ಅಂಕಿಗಳನ್ನು ಹೋಲಿಸಿ ನೋಡಿ.

ನಮ್ಮ ಕೊಳದ ಬೋರ್ಡು ಈಗ ಹೀಗಿದೆ:

- ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ ರಾತ್ರಿ 8
- ಸೋಮವಾರ ನೀರಿಗೆ ಔಷಧ ಹಾಕುತ್ತೇವೆ. ಇಳಿಯಬೇಡಿ
- ತಲೆ ಮುಂದಾಗಿ ಹಾರಬೇಡಿ. ನೀರು ಮೂರೂವರೆ ಅಡಿಯಿಂದ 5 ಅಡಿ ಮಾತ್ರ
- ಮುಳುಗುವವರನ್ನು ಎತ್ತಲು ಇಲ್ಲಿ ಯಾರೂ ಇಲ್ಲ
- ಚಿಕ್ಕ ಮಕ್ಕಳ ಜೊತೆ ದೊಡ್ಡವರು ಕೈಗೆ ಎಟುಕುವಷ್ಟು ಹತ್ತಿರ ಇರಬೇಕು
- ಶೌಚಾಲಯ, ಸ್ನಾನ ಮುಗಿಸಿ ಇಳಿಯಿರಿ
- ತುರ್ತಿಗೆ 112, ಆಂಬುಲೆನ್ಸ್ 108. ಕೆಳಗೆ ವಿಳಾಸ

ಬದಲಿಸುವ ಮೊದಲು ಇದನ್ನು ಆ ಅಜ್ಜನಿಗೂ ಓದಿಸಿದೆವು. “ಮೂರೂವರೆ ಅಡಿಗೆ ಯಾರಾದರೂ ಹಾರ್ತಾರಾ?” ಎಂದು ನಮ್ಮನ್ನೇ ಕೇಳಿದರು.

ಮುಂದಿನ ಸಲ ಇಂಥ ಬೋರ್ಡಿನ ಫೋಟೊ ನಿಮಗೆ ಬಂದರೆ ನಗಿ, ಫಾರ್ವರ್ಡೂ ಮಾಡಿ. ಆದರೆ ಮೊದಲ ಫಾರ್ವರ್ಡು ಆ ಬೋರ್ಡು ಹಾಕಿದವರಿಗೇ ಹೋಗಲಿ, ಜೊತೆಗೆ ಸರಿಯಾದ ಕನ್ನಡ ಸಾಲೂ ಇರಲಿ.